ಗುಡ್ಡದ ನೆರಳು ಮತ್ತು ಕೊನೆಯ ನಾಲ್ಕು ಶಾಟ್‌ಗಳು

ಕಳೆದ ಡಿಸೆಂಬರ್‌ನಲ್ಲಿ ಕೊಪ್ಪಳ ಜಿಲ್ಲೆಯ ಆನೆಗೊಂದಿಯ ಬಳಿ ಒಂದು ಕಿರುಚಿತ್ರಕ್ಕೆ ನಾನು ಮೊದಲ ಬಾರಿಗೆ ಸಹಾಯಕ ನಿರ್ದೇಶಕನಾಗಿ ದುಡಿದೆ. ಕೊನೆಯ ದಿನ ಬೆಳಕು ನಮಗೆ ಕೈಕೊಟ್ಟಿತು ಎಂದು ಯೂನಿಟ್‌ನವರು ಇಂದಿಗೂ ಹೇಳುತ್ತಾರೆ. ಬೆಳಕು ತನ್ನ ಹೊತ್ತಿಗೆ ಹೋಯಿತಷ್ಟೇ. ತಪ್ಪಿದ್ದುದು ದಿನದ ಶಾಟ್‌ಗಳ ಕ್ರಮ ಹಾಕಿ ನಾನು ಬರೆದ ಕಾಲ್‌ಶೀಟ್‌ನಲ್ಲಿ ಎಂಬುದು ನನ್ನ ಅಭಿಪ್ರಾಯ.

ತುಂಗಭದ್ರೆಯ ದಂಡೆಯ ಮೇಲೆ ಒಂದೇ ದೃಶ್ಯ ಉಳಿದಿತ್ತು. ಹರಿಗೋಲಿನಲ್ಲಿ ಬರುವ ತಂದೆಯನ್ನು ಮಗಳು ಎದುರುಗೊಳ್ಳುತ್ತಾಳೆ, ಇಬ್ಬರೂ ನಾಲ್ಕು ಮಾತಾಡುತ್ತಾರೆ. ಒಟ್ಟು ಏಳು ಶಾಟ್‌ಗಳು. ಮೊಬೈಲ್‌ನಲ್ಲಿ ಸೂರ್ಯಾಸ್ತ 5:55ರ ಸುಮಾರಿಗೆ ಎಂದಿದ್ದುದನ್ನು ನೋಡಿ, ಮಾತಿನ ಕ್ಲೋಸಪ್‌ಗಳನ್ನು ಮೊದಲಿಗೂ ಹರಿಗೋಲು ಬರುವ ವೈಡ್ ಶಾಟನ್ನು ಸಂಜೆಯ ಹೊಂಬಿಸಿಲಿಗೆಂದು ಕೊನೆಗೂ ಇಟ್ಟಿದ್ದೆ. ಸ್ಥಳ ನೋಡಲು ನಾವು ಹೋಗಿದ್ದುದು ಬೆಳಿಗ್ಗೆ ಹತ್ತು ಗಂಟೆಗೆ; ಸಂಜೆ ಅಲ್ಲಿ ಏನಾಗುತ್ತದೆಂದು ಯಾರೂ ನೋಡಿರಲಿಲ್ಲ.

ಮೂರೂ ಐವತ್ತಕ್ಕೆ, ಮೊದಲ ಕ್ಲೋಸಪ್‌ಗೆ ಕ್ಯಾಮೆರಾ ಹೂಡುತ್ತಿದ್ದಾಗ, ಹರಿಗೋಲು ಹಾಕುವ ಹಿರಿಯರು ನನ್ನ ಪಕ್ಕಕ್ಕೆ ಬಂದು, “ಐದಕ್ಕ ಗುಡ್ಡದ ನೆರಳು ಇಲ್ಲಿಗೆ ಬರ್ತೈತ್ರಿ ಸರ, ಆಮ್ಯಾಲ ಬಿಸಿಲು ಸಿಗಂಗಿಲ್ಲ” ಎಂದರು. ತಿರುಗಿ ನೋಡಿದರೆ ಪಶ್ಚಿಮಕ್ಕೆ ಬಂಡೆಗಳ ಗುಡ್ಡ ನಿಂತಿತ್ತು. ಮೊಬೈಲ್ ಹೇಳುವುದು ಬಯಲಿನ ದಿಗಂತದ ಲೆಕ್ಕವನ್ನು. ಗುಡ್ಡದ ತಲೆ ಹತ್ತು ಡಿಗ್ರಿ ಎತ್ತರದಲ್ಲಿದ್ದರೆ ಮುಕ್ಕಾಲು ಗಂಟೆ ಮೊದಲೇ ಸೂರ್ಯ ಮರೆಯಾಗುತ್ತಾನೆ. ತೋಳು ಚಾಚಿ ಸೂರ್ಯನ ಕೆಳಗೆ ಬೆರಳಿಟ್ಟು, ಬೆರಳಿಗೆ ಹದಿನೈದು ನಿಮಿಷದಂತೆ ಎಣಿಸುವ ಲೆಕ್ಕವೊಂದು ಚಿತ್ರೀಕರಣದವರಲ್ಲಿದೆ. ನಮ್ಮ ಕಡೆ ಸೂರ್ಯ ಹೆಚ್ಚು ಓರೆಯಾಗದೆ ಇಳಿಯುವುದರಿಂದ ಬೆರಳಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ನಂಬಬಾರದು. ಗುಡ್ಡದ ತಲೆಯಿಂದ ಎಣಿಸಿದಾಗ ನನಗೆ ಸಿಕ್ಕಿದ್ದು ಏಳು ಬೆರಳು.

ನಿರ್ದೇಶಕರ ಬಳಿ ಹೋಗಿ, ಏಳು ಶಾಟ್ ಆಗುವುದಿಲ್ಲ, ನಾಲ್ಕು ಆಗುತ್ತವೆ, ಅದೂ ತಿರುವುಮುರುವಾಗಿ ಎಂದು ಹೇಳುವಾಗ ನನ್ನ ಗಂಟಲು ಒಣಗಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಯಾವ ನಾಲ್ಕು?” ಕ್ಯಾಮೆರಾಮನ್ ಉತ್ತರಿಸಿದರು. ನದಿಯಗಲ ಬಿಸಿಲು ಬೇಕಾದ ಶಾಟನ್ನು ಆಮೇಲೆ ಯಾವ ದೀಪದಿಂದಲೂ ಹುಟ್ಟಿಸಲಾಗದು, ಒಂದು ಮುಖಕ್ಕೆ ಬೇಕಾದ ಬೆಳಕನ್ನು ಎರಡಡಿಯ ಥರ್ಮಾಕೋಲ್ ಹಲಗೆಯಿಂದಲೂ ತರಬಹುದು. ಆದ್ದರಿಂದ ವೈಡ್ ಮೊದಲು, ಇಬ್ಬರೂ ನಿಂತ ಶಾಟ್ ಆಮೇಲೆ, ಎರಡು ಕ್ಲೋಸಪ್ ಕೊನೆಗೆ.

ವೈಡ್ ಶಾಟ್ ನಮ್ಮ ಹೊತ್ತನ್ನೆಲ್ಲ ನುಂಗಿತು. ಹರಿಗೋಲು ದುಂಡಗಿರುವುದರಿಂದ ಹುಟ್ಟು ಹಾಕಿದಂತೆಲ್ಲ ತಿರುಗುತ್ತದೆ. ಮೊದಲೆರಡು ಟೇಕ್‌ಗಳಲ್ಲಿ ದಂಡೆ ಹತ್ತಿರವಾಗುವ ಹೊತ್ತಿಗೆ ತಂದೆಯ ಪಾತ್ರಧಾರಿ ಕ್ಯಾಮೆರಾಕ್ಕೆ ಬೆನ್ನು ಮಾಡಿ ಕುಳಿತಿದ್ದರು. ಮೂರನೆಯದಕ್ಕೆ ಹಿರಿಯರು ಅವರನ್ನು ಬೇಕೆಂದೇ ತಿರುಗಿಸಿ ಕೂರಿಸಿಕೊಂಡು ಹೊರಟರು, ದಂಡೆಗೆ ಬರುವಾಗ ಮುಖ ಸರಿಯಾಗಿ ನಮ್ಮತ್ತ ಬಂತು. ಇಬ್ಬರ ಶಾಟ್ ಮುಗಿದಾಗ ನೆರಳಿನ ಗೆರೆ ಅವರ ಪಾದದಿಂದ ಒಂದು ಮಾರು ದೂರದಲ್ಲಿತ್ತು.

ನೆರಳು ಬಂದ ಮೇಲೆ ಆಚೆ ದಂಡೆ ಮಾತ್ರ ಬಿಸಿಲಿನಲ್ಲಿ ಉರಿಯುತ್ತಿತ್ತು. ಅದನ್ನು ಹಿನ್ನೆಲೆಯಾಗಿಟ್ಟರೆ, ಮುಖಕ್ಕೆ ಬೆಳಕು ಹೊಂದಿಸಿದಾಗ ಹಿಂದಿನದು ಸುಟ್ಟು ಬಿಳಿಯಾಗುತ್ತದೆ, ಹಿಂದಿನದಕ್ಕೆ ಹೊಂದಿಸಿದರೆ ಮುಖ ಕಪ್ಪಾಗುತ್ತದೆ. ಅದಕ್ಕಾಗಿ ಮಗಳನ್ನು ನೆರಳಿನಲ್ಲೇ ಇದ್ದ ಬಂಡೆಯ ಮುಂದೆ ನಿಲ್ಲಿಸಿ, ತೆರೆದ ಆಕಾಶದ ಬೆಳಕನ್ನು ಥರ್ಮಾಕೋಲ್‌ನಿಂದ ಕಣ್ಣಿಗೆ ಕೊಟ್ಟೆವು. ತಂದೆಯ ಕ್ಲೋಸಪ್ ಶುರುವಾದಾಗ ಆರು ದಾಟಿತ್ತು. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರನ್ನು ಮೊದಲೇ ತೆಗೆದಾಗಿತ್ತು, ಲೆನ್ಸಿನ ಕಿಂಡಿಯಾದ ಅಪರ್ಚರ್ ಪೂರ್ತಿ ತೆರೆದಿತ್ತು, ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂದು ಹೇಳುವ ಐಎಸ್‌ಒ 800ರಿಂದ 3200ಕ್ಕೆ ಏರಿತ್ತು. ಅಪರ್ಚರ್ ಅಷ್ಟು ತೆರೆದಾಗ ಫೋಕಸ್ ಎಷ್ಟು ತೆಳುವಾಗುತ್ತದೆಂದರೆ, ನಟ ನಾಲ್ಕು ಬೆರಳಿನಷ್ಟು ಮುಂದಕ್ಕೆ ಬಾಗಿದಾಗ ಮೊದಲ ಟೇಕ್‌ನಲ್ಲಿ ಕಿವಿ ಸ್ಪಷ್ಟವಾಗಿ ಕಣ್ಣು ಮಸುಕಾಯಿತು. ಸೂರ್ಯಾಸ್ತದ ನಂತರ ನಮ್ಮಲ್ಲಿ ಕೆಲಸಕ್ಕೆ ಬರುವ ಬೆಳಕು ಇಪ್ಪತ್ತು ನಿಮಿಷ ಮಾತ್ರ. ಎರಡನೆಯ ಟೇಕ್‌ಗೇ ನಿಲ್ಲಿಸಿದೆವು.

ಮಾತುಗಳ ಧ್ವನಿಯನ್ನು ಕತ್ತಲಲ್ಲೇ ಇನ್ನೊಮ್ಮೆ ಬಿಡಿಯಾಗಿ ಮುದ್ರಿಸಿಕೊಂಡು, ಮೊಬೈಲ್ ಟಾರ್ಚ್ ಬೆಳಕಿನಲ್ಲಿ ಕುಂಬಳಕಾಯಿ ಒಡೆದೆವು. ಎಲ್ಲರೂ ನನ್ನ ಬೆನ್ನು ತಟ್ಟಿದರು.

ಎಡಿಟಿಂಗ್ ಟೇಬಲ್ಲಿನ ಮುಂದೆ ಕುಳಿತಾಗ ಗೊತ್ತಾಯಿತು: ಇಬ್ಬರ ಶಾಟ್‌ನಲ್ಲಿ ತಂದೆಯ ಟವೆಲ್ ಎಡಹೆಗಲ ಮೇಲಿದೆ, ಕ್ಲೋಸಪ್‌ನಲ್ಲಿ ಬಲಹೆಗಲ ಮೇಲಿದೆ. ಕಂಟಿನ್ಯುಟಿಗೆ ಒಂದು ಫೋಟೊ ತೆಗೆಯಬೇಕಿದ್ದವನು ನಾನೇ, ಆ ಹೊತ್ತಿನಲ್ಲಿ ನಾನು ಬೆರಳು ಎಣಿಸುತ್ತಿದ್ದೆ. ಈಗ ಚಿತ್ರದಲ್ಲಿ ತಂದೆ ಮಾತಾಡುವಾಗ ಕಾಣುವುದು ಮಗಳ ಮುಖ. ಕೇಳುವುದು ಕತ್ತಲಲ್ಲಿ ಮುದ್ರಿಸಿಕೊಂಡ ಆ ಧ್ವನಿ.