ಆ ಹಸಿರು ಕಂಬ ನಿಜಕ್ಕೂ ಎಷ್ಟು ಎತ್ತರ?

ಮೊನ್ನೆ ಒಂದು ಪ್ರೆಸೆಂಟೇಷನ್‌ಗೆ ಹೋಗಿದ್ದೆ. ಪರದೆಯ ಮೇಲೆ ಎರಡೇ ಕಂಬಗಳ ಬಾರ್ ಚಾರ್ಟ್. ಗ್ರಾಹಕರ ದೂರುಗಳಲ್ಲಿ ಒಂದು ವಾರದೊಳಗೆ ಬಗೆಹರಿದದ್ದು ಶೇಕಡಾ ಎಷ್ಟು ಎಂಬ ಲೆಕ್ಕ. ಕಳೆದ ವರ್ಷದ್ದು ಗಿಡ್ಡ, ಕೆಂಪು. ಈ ವರ್ಷದ್ದು ಅದರ ಮೂರರಷ್ಟು ಎತ್ತರ, ಹಸಿರು. ಶೀರ್ಷಿಕೆ: 'ಹೊಸ ಸಾಫ್ಟ್‌ವೇರ್ ತಂದ ಭಾರಿ ಸುಧಾರಣೆ'. ಎಲ್ಲರೂ ತಲೆದೂಗಿದರು.

ನಾನು ಎಡಬದಿಯ ಅಂಕಿಗಳನ್ನು ನೋಡಿದೆ. ಅಕ್ಷ ಸೊನ್ನೆಯಿಂದಲ್ಲ, 80ರಿಂದ ಶುರುವಾಗಿತ್ತು. ಕಳೆದ ವರ್ಷ 82, ಈ ವರ್ಷ 86. ಅಂದರೆ 80ರ ಮೇಲೆ ಕಾಣುತ್ತಿದ್ದದ್ದು ಒಂದರಲ್ಲಿ 2, ಇನ್ನೊಂದರಲ್ಲಿ 6. ಅದಕ್ಕೇ ಮೂರು ಪಟ್ಟು! ಸೊನ್ನೆಯಿಂದ ಬಿಡಿಸಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರ ಇರುತ್ತಿದ್ದವು.

ಅಕ್ಷ ಯಾವಾಗಲೂ ಸೊನ್ನೆಯಿಂದಲೇ ಇರಬೇಕು ಅಂತ ನಾನು ಹೇಳುತ್ತಿಲ್ಲ. ಜ್ವರದ ಚಾರ್ಟನ್ನು ಸೊನ್ನೆಯಿಂದ ಬಿಡಿಸಿದರೆ 37 ಡಿಗ್ರಿಗೂ 39ಕ್ಕೂ ವ್ಯತ್ಯಾಸವೇ ಕಾಣಲ್ಲ. ಅಲ್ಲಿ ಗೆರೆ ಎಳೆಯುತ್ತೇವೆ. ಗೆರೆಯಲ್ಲಿ ಏರಿಳಿತ ನೋಡುತ್ತೇವೆ, ಕಂಬದಲ್ಲಿ ಉದ್ದವನ್ನೇ ಅಳೆಯುತ್ತೇವೆ. ಕಂಬದ ಬುಡ ಕತ್ತರಿಸಿದರೆ ಅಳತೆಯೇ ಸುಳ್ಳಾಗುತ್ತದೆ, ಅಲ್ವಾ?

ಬಣ್ಣದ ಬಗ್ಗೆಯೂ ಕೇಳಿದೆ. ಕೆಂಪು ಅಂದರೆ ಕೆಟ್ಟದ್ದು, ಹಸಿರು ಅಂದರೆ ಒಳ್ಳೆಯದು. ಅಂಕಿ ಓದುವ ಮೊದಲೇ ತೀರ್ಪು ಬಂದುಬಿಡುತ್ತದೆ. ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣದವರಿಗೆ ಈ ಜೋಡಿ ಪ್ರಯೋಜನಕ್ಕೂ ಬರಲ್ಲ. ಬೂದು ಮತ್ತು ನೀಲಿ ಸಾಕಾಗುತ್ತಿತ್ತು.

ನನಗೆ ಜಾಸ್ತಿ ಕಾಡಿದ್ದು ಚಾರ್ಟಿನಲ್ಲಿ ಇಲ್ಲದ ವಿಷಯ. "ಅದಕ್ಕೂ ಹಿಂದಿನ ವರ್ಷಗಳಲ್ಲಿ ಎಷ್ಟಿತ್ತು?" ಎಂದು ಕೇಳಿದೆ. ಮಂಡಿಸುತ್ತಿದ್ದವರು ಫೈಲ್ ತೆರೆದು ತೋರಿಸಿದರು: 85, 87, 84. ಅಂದರೆ ಕಳೆದ ವರ್ಷದ 82 ಇದ್ದದ್ದರಲ್ಲೇ ಅತಿ ಕಡಿಮೆ. ಆ ತಗ್ಗಿನಲ್ಲಿ ನಿಂತು ಅಳೆದರೆ ಸಾಧಾರಣ ವರ್ಷವೂ ಬೆಟ್ಟದ ಹಾಗೆ ಕಾಣುತ್ತದೆ.

ಶೀರ್ಷಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಸುಧಾರಣೆ ಸಾಫ್ಟ್‌ವೇರಿನಿಂದಲೇ ಬಂತು ಅಂತ ಅದು ಹೇಳುತ್ತಿತ್ತು. ತಿಂಗಳುವಾರು ಅಂಕಿ ತೆಗೆಸಿದೆವು. ಏರಿಕೆ ಮಾರ್ಚ್‌ನಲ್ಲೇ ಶುರುವಾಗಿದೆ, ಸಾಫ್ಟ್‌ವೇರ್ ಬಂದದ್ದು ಆಗಸ್ಟ್‌ನಲ್ಲಿ. ಆಮೇಲೂ ಏರಿಕೆಯ ವೇಗ ಬದಲಾಗಿಲ್ಲ. ಸಾಫ್ಟ್‌ವೇರ್ ದಂಡ ಅಂತ ಇದರಿಂದ ಹೇಳಲಾಗದು. ಆದರೆ ಏರಿಕೆಯನ್ನು ಶುರು ಮಾಡಿದ್ದು ಅದಲ್ಲ ಅನ್ನುವುದಂತೂ ಖಚಿತ.

ಅವರು ಮೋಸ ಮಾಡಲು ಹೊರಟವರಲ್ಲ. ಅಕ್ಷ 80ರಿಂದ ಶುರುವಾದದ್ದನ್ನು ತಾವು ಗಮನಿಸಿಯೇ ಇರಲಿಲ್ಲ, ಚಾರ್ಟ್ ತಾನಾಗಿ ಹಾಗೆ ಬಂತು ಅಂದರು. ನಾನು ಅದನ್ನು ನಂಬುತ್ತೇನೆ. ಅಲ್ಲೇ ಕೂತು ಐದು ವರ್ಷಕ್ಕೂ ಸೇರಿಸಿ ಒಂದೇ ಬಣ್ಣದ ಗೆರೆ ಎಳೆದರು. ಸಾಫ್ಟ್‌ವೇರ್ ಬಂದ ಕಡೆ ಸಣ್ಣ ಗುರುತು ಹಾಕಿದರು. ಶೀರ್ಷಿಕೆಯನ್ನೂ ಬದಲಿಸಿದರು: 'ದೂರು ವಿಲೇವಾರಿ ಹಳೆಯ ಮಟ್ಟಕ್ಕೆ ಮರಳಿದೆ'.