ಹೊಸ ಬೋರ್ ಕೊರೆಸಿದರೆ ಹೊಸ ನೀರು ಹುಟ್ಟುವುದಿಲ್ಲ

ನಿನ್ನೆ ಊರಿಗೆ ಹೋಗಿದ್ದೆ. ನಮ್ಮೂರು ಕೋಲಾರದ ಕಡೆ ಅಂತ ನಿಮಗೆಲ್ಲ ಗೊತ್ತು. ಬಸ್ ಇಳಿಯುವಾಗಲೇ ಬೋರ್ ಲಾರಿಯ ಸದ್ದು ಕೇಳಿಸಿತು. ನಮ್ಮ ತೋಟದ ಬದುವಿನಿಂದ ಆಚೆ ನೂರಿಪ್ಪತ್ತು ಅಡಿ ಇರಬಹುದು, ಪಕ್ಕದ ಹೊಲದ ಅಣ್ಣ ಕೊರೆಸುತ್ತಿದ್ದರು. ಸಾವಿರದ ನೂರು ಅಡಿಗೆ ಇಳಿದಿತ್ತು. ಬಿಳಿ ಪುಡಿ ಹಾರಿ ಹಾರಿ ಟೊಮ್ಯಾಟೊ ಗಿಡಗಳೆಲ್ಲ ಬೆಳ್ಳಗಾಗಿದ್ದವು. ಒಂದು ಹೊತ್ತಿನಲ್ಲಿ ಪುಡಿ ನಿಂತು ಕೆಸರು ಬಂತು, ಆಮೇಲೆ ನೀರು ಚಿಮ್ಮಿತು. ಎರಡು ಇಂಚು ಅಂದರು. ಎಲ್ಲರೂ ಕೈ ಮುಗಿದರು, ತೆಂಗಿನಕಾಯಿ ಒಡೆದರು.

ಸಂಜೆ ನಮ್ಮ ಮೋಟರ್ ಗಾಳಿ ಎಳೆಯತೊಡಗಿತು. ಬಿಟ್ಟು ಬಿಟ್ಟು ನೀರು.

ಜಗಲಿ ಮೇಲೆ ಕೂತು ಮಾತಾಡುವಾಗ ಒಬ್ಬರು "ನನ್ನ ಜಮೀನು, ನನ್ನ ನೀರು" ಅಂದರು. ಇನ್ನೊಬ್ಬರು, ಓದಿದವರು, "ಹಾಗಲ್ಲ, ನೀರು ಸಾರ್ವಜನಿಕ ಸೊತ್ತು" ಅಂದರು. ನನಗೆ ಎರಡೂ ಮಾತು ಕೇಳಿ ರೇಗಿತು. ಹದಿನೈದು ವರ್ಷದಿಂದ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಸರ್ಕಾರ ಕೊಟ್ಟರೆ ಸಾರ್ವಜನಿಕ ಸರಕು, ಅಂಗಡಿಯವನು ಕೊಟ್ಟರೆ ಖಾಸಗಿ ಸರಕು ಅಂತಲೇ ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಯಾರು ಕೊಡುತ್ತಾರೆ ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ.

ಕೇಳಬೇಕಾದ್ದು ಎರಡೇ. ಒಂದು, ದುಡ್ಡು ಕೊಡದವರನ್ನು ಬಳಸದ ಹಾಗೆ ತಡೆಯಲು ಆಗುತ್ತದಾ? ಎರಡು, ನಾನು ಬಳಸಿದರೆ ನಿಮಗೆ ಕಡಿಮೆ ಆಗುತ್ತದಾ? ನಮ್ಮ ಬೀದಿ ದೀಪ ನೋಡಿ. ಅದರ ಬೆಳಕಲ್ಲಿ ಯಾರು ನಡೆಯಬಾರದು ಅಂತ ತಡೆಯಲಾಗದು, ನಾನು ನಡೆದರೆ ನಿಮಗೆ ಬೆಳಕು ಕಡಿಮೆಯೂ ಆಗದು. ಅದು ಸಾರ್ವಜನಿಕ ಸರಕು. ಅದರ ಪಕ್ಕದಲ್ಲೇ ಸರ್ಕಾರ ಕಟ್ಟಿಸಿದ ಶುದ್ಧ ನೀರಿನ ಘಟಕ ಇದೆ. ನಾಣ್ಯ ಹಾಕದೆ ಅಲ್ಲಿ ಒಂದು ಲೋಟ ನೀರೂ ಬರುವುದಿಲ್ಲ, ನಾನು ಹಿಡಿದ ಕ್ಯಾನು ನಿಮಗಿಲ್ಲ. ಸರ್ಕಾರದ್ದೇ ಆದರೂ ಆ ಕ್ಯಾನಿನ ನೀರು ಖಾಸಗಿ ಸರಕು. ಟೋಲ್ ರಸ್ತೆಯಲ್ಲಿ ಗೇಟು ಹಾಕಿ ತಡೆಯಬಹುದು, ಆದರೆ ರಸ್ತೆ ಖಾಲಿ ಇದ್ದಾಗ ಒಂದು ಕಾರು ಜಾಸ್ತಿ ಹೋದರೆ ಯಾರಿಗೂ ನಷ್ಟವಿಲ್ಲ. ಅದು ಕ್ಲಬ್ ಸರಕು. ಜಾಮ್ ಆದ ದಿನ ಒಬ್ಬರು ಹೋದರೆ ಇನ್ನೊಬ್ಬರಿಗೆ ಜಾಗ ಕಡಿಮೆ, ಆಗ ಅದೇ ರಸ್ತೆ ಖಾಸಗಿ ಸರಕಿನ ಸಾಲಿಗೆ ಸೇರುತ್ತದೆ.

ಉಳಿದದ್ದು ನಾಲ್ಕನೆಯದು. ತಡೆಯಲಾಗದು, ಆದರೆ ಬಳಸಿದಷ್ಟೂ ಇನ್ನೊಬ್ಬರಿಗೆ ಕಡಿಮೆ ಆಗುತ್ತದೆ. ನಮ್ಮ ಕಾಲ ಕೆಳಗಿನ ನೀರು ಅಲ್ಲೇ ಇದೆ. ಇದನ್ನು ಕಾಮನ್ ಪೂಲ್ ಅನ್ನುತ್ತಾರೆ. ಸಾರ್ವಜನಿಕ ಸರಕು ಅಂತ ಕರೆದರೆ ಅದು ಖಾಲಿಯಾಗುತ್ತದೆ ಅನ್ನುವುದು ಮರೆತುಹೋಗುತ್ತದೆ. ಖಾಸಗಿ ಅಂದರೆ ಅದಕ್ಕೆ ಬೇಲಿ ಹಾಕಲಾಗದು ಅನ್ನುವುದು ಮರೆತುಹೋಗುತ್ತದೆ.

ಬೇಲಿ ಯಾಕೆ ಆಗದು ಅಂದರೆ, ನಮ್ಮದು ಗಟ್ಟಿ ಕಲ್ಲಿನ ನೆಲ. ಕೆಳಗೆ ನೀರಿನ ಹೊಳೆ ಹರಿಯುವುದಿಲ್ಲ, ಬಂಡೆಯ ಬಿರುಕುಗಳಲ್ಲಿ ನೀರು ಕೂತಿರುತ್ತದೆ. ಬಿರುಕಿಗೆ ಸರ್ವೆ ನಂಬರ್ ಗೊತ್ತಿಲ್ಲ. ನಮ್ಮ ಬೋರೂ ಅಣ್ಣನ ಬೋರೂ ಒಂದೇ ಬಿರುಕಿನಿಂದ ಎಳೆಯುತ್ತಿವೆಯಾ ಅಂತ ತಿಳಿಯುವುದು ಕಷ್ಟವೇನಲ್ಲ. ಅವರ ಮೋಟರೂ ನಮ್ಮ ಮೋಟರೂ ಒಂದು ರಾತ್ರಿ ನಿಂತಿರಲಿ, ನಮ್ಮ ಕೇಸಿಂಗ್ ಒಳಗೆ ಹಗ್ಗ ಬಿಟ್ಟು ನೀರಿನ ಮಟ್ಟ ನೋಡೋಣ. ಆಮೇಲೆ ನಮ್ಮದು ನಿಂತೇ ಇರಲಿ, ಅವರು ಮಾತ್ರ ಓಡಿಸಲಿ, ಮತ್ತೆ ನೋಡೋಣ. ಅವರು ಓಡಿಸಿದಾಗಲೆಲ್ಲ ಇಲ್ಲಿ ಇಳಿದು, ನಿಲ್ಲಿಸಿದಾಗ ಏರಿದರೆ ನೀರು ಒಂದೇ.

ಈಗ ಲೆಕ್ಕ ಹಾಕಿ. ಆ ಬಿರುಕು ಕೊಡುತ್ತಿದ್ದದ್ದು ಐದು ಪಾಲು ನೀರು ಅಂತ ಇಟ್ಟುಕೊಳ್ಳಿ. ನಿನ್ನೆವರೆಗೆ ಅದು ನಮ್ಮ ಪೈಪಿನಲ್ಲಿ ಬರುತ್ತಿತ್ತು. ಇವತ್ತು ನಾಲ್ಕು ಪಾಲು ಅವರಿಗೆ, ಒಂದು ಪಾಲು ನಮಗೆ. ಊರಿಗೆ ಒಂದು ಹನಿ ಜಾಸ್ತಿ ಬರಲಿಲ್ಲ. ಅಣ್ಣ ಸಾಲ ಮಾಡಿ ಕೊರೆಸಿದ ದುಡ್ಡೆಲ್ಲ ನೀರನ್ನು ಬದುವಿನ ಈ ಕಡೆಯಿಂದ ಆ ಕಡೆಗೆ ದಾಟಿಸುವುದಕ್ಕೆ ಹೋಯಿತು. ನಾಳೆ ನಾವು ಸಾವಿರದ ಇನ್ನೂರು ಅಡಿಗೆ ಹೋಗಿ ವಾಪಸ್ ಎಳೆದುಕೊಳ್ಳುತ್ತೇವೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಪ್ರತಿ ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿ ಆಟೋ ಸ್ಟಾರ್ಟರ್ ಇದೆ, ನೋಡಿದ್ದೀರಲ್ಲ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದರೆ ಇಡೀ ಬಯಲಿನ ಮೋಟರುಗಳು ಒಟ್ಟಿಗೆ ಗುಂಯ್ ಅನ್ನುತ್ತವೆ. ಬೆಳೆಗೆ ಬೇಕೋ ಬೇಡವೋ, ಓಡುತ್ತವೆ. ಹತ್ತು ಎಚ್‌ಪಿ ತನಕ ಕರೆಂಟಿಗೆ ಬಿಲ್ ಇಲ್ಲ, ಹಾಗಾಗಿ ಒಂದು ಗಂಟೆ ಜಾಸ್ತಿ ಓಡಿದರೆ ಕೈಯಿಂದ ಒಂದು ಪೈಸೆ ಹೋಗುವುದಿಲ್ಲ. ನಿಲ್ಲಿಸಿದರೆ ಮಾತ್ರ ಹೋಗುತ್ತದೆ, ನಾವು ಬಿಟ್ಟ ನೀರನ್ನು ಪಕ್ಕದವರು ಎಳೆಯುತ್ತಾರಲ್ಲ. ರೈತರಿಗೆ ದುರಾಸೆ ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಉಳಿಸಿದವನಿಗೆ ಉಳಿಯುವುದಿಲ್ಲ ಅನ್ನುವ ಕಡೆ ಯಾರು ತಾನೇ ಉಳಿಸುತ್ತಾರೆ?

ನನ್ನ ಗೆಳೆಯನೊಬ್ಬ ಹೇಳಿದ, ತಡೆಯಲಾಗದು ಅನ್ನಬೇಡ, ಜಮೀನಿಲ್ಲದವರನ್ನು ತಡೆದೇ ಇದ್ದೀರಲ್ಲ ಅಂತ. ನಿಜ, ಬಿಂದಿಗೆ ಹಿಡಿದು ಬರುವವರಿಗೆ ಅದು ದೊಡ್ಡ ಅನ್ಯಾಯ. ಆದರೆ ಆ ತಡೆ ನೀರಿಗಲ್ಲ, ನೆಲಕ್ಕೆ. ಬೋರ್ ಇರುವ ನೂರು ಜನ ಒಬ್ಬರನ್ನೊಬ್ಬರು ತಡೆಯಲಾಗದು ಅನ್ನುವುದು ಅದರಿಂದ ಬದಲಾಗದು, ನೀರು ಬತ್ತುತ್ತಿರುವುದು ಈ ನೂರು ಜನರ ಎಳೆದಾಟದಿಂದಲೇ. ಇನ್ನೊಬ್ಬರು ಕಾನೂನು ಇದೆ ಅಂದರು. ಇದೆ, 2011ರ ಅಂತರ್ಜಲ ಕಾಯ್ದೆ ಇದೆ, ಅಧಿಸೂಚಿತ ಜಾಗಗಳಲ್ಲಿ ಕೊರೆಸಲು ಅನುಮತಿ ಬೇಕು. ಅನುಮತಿ ಚೀಟಿ ಬೋರನ್ನು ಲೆಕ್ಕ ಹಾಕಬಹುದು, ರಾತ್ರಿ ಎರಡು ಗಂಟೆಗೆ ಎಷ್ಟು ನೀರು ಮೇಲೆ ಬಂತು ಅಂತ ಅಲ್ಲ.

ಹಾಗಾದರೆ ದಾರಿಯೇ ಇಲ್ಲವಾ? ಇದೆ. ಅಮೆರಿಕದ ಸಂಶೋಧಕಿ ಎಲಿನೋರ್ ಆಸ್ಟ್ರಮ್ 1965ರಲ್ಲಿ ಪಿಎಚ್‌ಡಿ ಮಾಡಿದ್ದು ಅಂತರ್ಜಲದ ಮೇಲೆ, ಲಾಸ್ ಏಂಜಲೀಸ್ ಹತ್ತಿರದ ವೆಸ್ಟ್ ಬೇಸಿನ್ ಅನ್ನುವ ಕಡೆ. ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ನಿಮಗೆ ನೆನಪಿರಬಹುದು. ಅಲ್ಲೂ ಎಲ್ಲರೂ ಎಳೆದರು, ಕೊನೆಗೆ ಸಮುದ್ರದ ಉಪ್ಪು ನೀರು ಬಾವಿಗಳಿಗೆ ನುಗ್ಗಿತು. ಆಗ ಬಳಸುವವರು ಸಂಘ ಕಟ್ಟಿದರು, ಯಾರು ಎಷ್ಟು ಎಳೆಯುತ್ತಾರೆ ಅಂತ ಅಳೆಸಿದರು, ಕೋರ್ಟಿನ ಮೂಲಕ ಬಹುತೇಕ ಎಲ್ಲರೂ ಕಡಿಮೆ ಮಾಡಲು ಒಪ್ಪಿದರು. ಲೆಕ್ಕ ನೋಡಲು ವಾಟರ್‌ಮಾಸ್ಟರ್ ಬಂದರು.

ವಾಟರ್‌ಮಾಸ್ಟರ್ ಅಂದರೆ ನಮ್ಮ ನೀರುಗಂಟಿ, ಅಲ್ವಾ? ನಮ್ಮ ಕೆರೆಯೂ ಇದೇ ನಾಲ್ಕನೇ ಜಾತಿಯದು. ತೂಬು ಎತ್ತುತ್ತಿದ್ದದ್ದು ನೀರುಗಂಟಿ ಮಾತ್ರ. ಮಳೆ ಕಡಿಮೆ ಆದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟಕ್ಕೆ ನೀರು ಅಂತ ಮೊದಲೇ ಮಾತಾಗುತ್ತಿತ್ತು, ಸುಗ್ಗಿಯಲ್ಲಿ ಅವರಿಗೆ ಧಾನ್ಯ ಹೋಗುತ್ತಿತ್ತು. ಕೆರೆ ಕಣ್ಣಿಗೆ ಕಾಣುತ್ತಿತ್ತು, ಎಷ್ಟು ಉಳಿದಿದೆ ಅಂತ ಏರಿ ಮೇಲೆ ನಿಂತರೆ ಸಾಕು. ಬೋರಿನ ನೀರು ಯಾರಿಗೂ ಕಾಣುವುದಿಲ್ಲ, ಅದಕ್ಕೆ ನೀರುಗಂಟಿಯನ್ನು ಯಾರೂ ನೇಮಿಸಲಿಲ್ಲ.

ಒಂದು ಮಾತು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಹತ್ತು ವರ್ಷದ ಹಿಂದೆ ನಮ್ಮ ಬೋರ್ ಕೊರೆಸಿದಾಗ ಇದೇ ಅಣ್ಣನ ಹಳೇ ಬೋರ್ ಒಂದು ತಿಂಗಳಲ್ಲಿ ನಿಂತುಹೋಯಿತು. ದುಡ್ಡು ಕಳಿಸಿದ್ದು ನಾನು. ತರಗತಿಯಲ್ಲಿ ಈ ನಾಲ್ಕು ಬಗೆಯ ಪಾಠ ಹೇಳಿ ಬಂದ ದಿನವೇ ಕಳಿಸಿದ್ದೆ. ಅಣ್ಣ ಆಗ ಒಂದು ಮಾತೂ ಆಡಲಿಲ್ಲ.

ನಿನ್ನೆ ರಾತ್ರಿ ಎದ್ದು ಹೋಗಿ ನಮ್ಮ ಪೆಟ್ಟಿಗೆಯ ಆಟೋ ಸ್ವಿಚ್ ಆಫ್ ಮಾಡಿ ಬಂದೆ. ಬೆಳಿಗ್ಗೆ ನೋಡಿದರೆ ಅಪ್ಪ ಮತ್ತೆ ಆನ್ ಮಾಡಿದ್ದರು. ಬೈಯಲಿಲ್ಲ. "ಅವರು ನಿಲ್ಲಿಸಿದರೆ ನಾವೂ ನಿಲ್ಲಿಸೋಣ ಕಣಮ್ಮ, ನೀನೇ ಹೋಗಿ ಕೇಳು" ಅಂದರು. ಬರುವ ಭಾನುವಾರ ಹಗ್ಗ ತೆಗೆದುಕೊಂಡು ಅಣ್ಣನ ಮನೆಗೆ ಹೋಗುತ್ತೇನೆ.