ಗೋತ್ರದ ಕಾಲಂ

ದೇವಸ್ಥಾನದ ಸೇವಾ ಕೌಂಟರಿನಲ್ಲಿ ನನ್ನ ಮುಂದಿದ್ದ ಹುಡುಗ ಅರ್ಚನೆಗೆ ಚೀಟಿ ಬರೆಸುತ್ತಿದ್ದ. ಹೆಸರು ಹೇಳಿದ, ನಕ್ಷತ್ರ ಹೇಳಿದ. "ಗೋತ್ರ?" ಅಂದರು ಒಳಗಿದ್ದವರು. ಹುಡುಗ ಅಮ್ಮನಿಗೆ ಫೋನ್ ಮಾಡಿದ. ಅಮ್ಮ ಎತ್ತಲಿಲ್ಲ. ಹಿಂದೆ ಸಾಲು ಬೆಳೆಯಿತು. "ಗೊತ್ತಿಲ್ವಾ? ಕಾಶ್ಯಪ ಅಂತ ಹಾಕ್ತೀನಿ ಬಿಡಿ" ಅಂತ ಅವರೇ ಚೀಟಿ ಹರಿದು ಕೊಟ್ಟರು. ಋಷಿಮೂಲ ಹುಡುಕಬಾರದು ಅಂತಾರೆ. ಇಲ್ಲಿ ಹುಡುಕುವ ಕೆಲಸವೇ ಬರಲಿಲ್ಲ.

ಅವರು ಸುಮ್ನೆ ಬಾಯಿಗೆ ಬಂದದ್ದು ಹೇಳಿದ್ದಲ್ಲ. ಗೋತ್ರ ತಿಳಿಯದಿದ್ದರೆ ಕಾಶ್ಯಪ ಅನ್ನಬೇಕೆಂಬುದು ಹಳೆಯ ಮಾತು. ಪುರಾಣದಲ್ಲಿ ಕಶ್ಯಪರ ಸಂಸಾರ ದೊಡ್ಡದು. ಅದಿತಿಗೆ ದೇವತೆಗಳು, ದಿತಿಗೆ ದೈತ್ಯರು, ಕದ್ರುವಿಗೆ ಹಾವುಗಳು, ವಿನತೆಗೆ ಗರುಡ. ಹಾವಿಗೂ ಗರುಡನಿಗೂ ಒಬ್ಬರೇ ಅಪ್ಪ ಅಂದಮೇಲೆ ಆ ಹುಡುಗ ಯಾವ ಲೆಕ್ಕ?

ಎಲ್ಲರ ಮನೆಯಲ್ಲೂ ಋಷಿಯೇ ಇರಬೇಕೆಂದೂ ಇಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇರುವುದು ಬೆಡಗು. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಹೆಣ್ಣು ತರುವಂತಿಲ್ಲ. ತುಳುನಾಡಿನ ಬಂಟರಲ್ಲಿ ಬಳಿ ಇದೆ, ಅದು ತಾಯಿಯಿಂದ ಬರುತ್ತದೆ. ಚೀಟಿಯ ಕಾಲಂ ಮಾತ್ರ ಎಲ್ಲರಿಗೂ ಒಂದೇ. ನನ್ನ ಗೆಳೆಯನೊಬ್ಬ ಅದರಲ್ಲಿ "ಶಿವ ಗೋತ್ರ" ಅಂತ ಬರೆಸಿ ಮುಗಿಸುತ್ತಾನೆ. ಅರ್ಚಕರು ಸಂಕಲ್ಪದಲ್ಲಿ ಅಷ್ಟನ್ನೇ ಓದುತ್ತಾರೆ, ಯಾರಿಗೂ ತೊಂದರೆ ಇಲ್ಲ. ಪೂಜೆ ಯಾರ ಹೆಸರಲ್ಲಿ ಅಂತ ಗುರುತು ಹೇಳಿದರೆ ಅಲ್ಲಿಗೆ ಸಾಕು.

ಮದುವೆಯ ಫಾರಂನಲ್ಲಿ ಹಾಗೆ ನಡೆಯುವುದಿಲ್ಲ. ನಮ್ಮ ನೆಂಟರ ಹುಡುಗನಿಗೆ ಒಂದು ಸಂಬಂಧ ಬಂದಿತ್ತು. ಅವನದು ವಾಸಿಷ್ಠ ಗೋತ್ರ, ಹುಡುಗಿಯದು ಕೌಂಡಿನ್ಯ. ಫಾರಂನಲ್ಲಿ ಹೆಸರು ಬೇರೆ ಬೇರೆ, ಜಾತಕ ಕೂಡಿದೆ, ಹುಡುಗ ಹುಡುಗಿ ಒಪ್ಪಿದ್ದಾರೆ. ಉಪ್ಪಿಟ್ಟು, ಕೇಸರಿಭಾತು ಮುಗಿದಮೇಲೆ ಪುರೋಹಿತರು ಕೇಳಿದರು, "ಪ್ರವರ ಏನು?" ಹುಡುಗಿಯ ಅಪ್ಪ ಮುಂಜಿಯಲ್ಲಿ ಕಲಿತದ್ದನ್ನು ಒಪ್ಪಿಸಿದರು: ವಾಸಿಷ್ಠ, ಮೈತ್ರಾವರುಣ, ಕೌಂಡಿನ್ಯ. ಮೊದಲ ಹೆಸರಿಗೇ ಪುರೋಹಿತರು ಕಾಫಿ ಲೋಟ ಕೆಳಗಿಟ್ಟರು.

ಗೋತ್ರ ಅನ್ನುವುದು ಮನೆತನದ ಒಂದು ಹೆಸರು ಅಷ್ಟೇ. ಪ್ರವರ ಅಂದರೆ ಆ ಮನೆತನ ನೆನೆಯುವ ಹಿಂದಿನ ಋಷಿಗಳ ಸಾಲು, ಸಾಮಾನ್ಯವಾಗಿ ಮೂರು ಇಲ್ಲವೇ ಐದು ಹೆಸರು. ಬೌಧಾಯನರ ಪಟ್ಟಿಯಲ್ಲಿ ಮೂಲ ಋಷಿಗಳು ಎಂಟೇ ಜನ, ಸಪ್ತರ್ಷಿಗಳು ಮತ್ತು ಅಗಸ್ತ್ಯರು. ಉಳಿದ ನೂರಾರು ಗೋತ್ರಗಳು ಅವರ ಕೊಂಬೆಗಳು. ಕೌಂಡಿನ್ಯ ಇರುವುದು ವಸಿಷ್ಠರ ಕೊಂಬೆಯಲ್ಲಿ. ಹಾಗಾಗಿ ಹೆಸರು ಬೇರೆಯಾದರೂ ಶಾಸ್ತ್ರದ ಲೆಕ್ಕದಲ್ಲಿ ಇವರು ಅಣ್ಣ ತಂಗಿ. ಫಾರಂ ಕೇಳುವುದು ಗೋತ್ರವನ್ನು, ಪುರೋಹಿತರು ನೋಡುವುದು ಪ್ರವರವನ್ನು. ಅದಕ್ಕೆ ಕಾಲಮ್ಮೇ ಇರಲಿಲ್ಲ.

ಹುಡುಗನ ಚಿಕ್ಕಪ್ಪ ಬಿಡಲಿಲ್ಲ. "ಮತ್ತೆ ನಮ್ಮ ಪಕ್ಕದ ಮನೆಯವರು? ಅವರದು ಗೌತಮ, ಹೆಂಡತಿ ಮನೆಯದು ಭಾರದ್ವಾಜ. ಎರಡರಲ್ಲೂ ಆಂಗಿರಸ ಬರುತ್ತಲ್ಲ!" ಬರುತ್ತದೆ ನಿಜ. ಆಂಗಿರಸ, ಆಯಾಸ್ಯ, ಗೌತಮ ಅಂತ ಒಂದು, ಆಂಗಿರಸ, ಬಾರ್ಹಸ್ಪತ್ಯ, ಭಾರದ್ವಾಜ ಅಂತ ಇನ್ನೊಂದು. ಆದರೆ ಭೃಗು ಮತ್ತು ಅಂಗಿರಸರ ಕಡೆಯವರಿಗೆ ಬೇರೆ ನಿಯಮ. ಅಲ್ಲಿ ಒಂದು ಹೆಸರು ಕೂಡಿದರೆ ಸಾಲದು, ಮೂರರಲ್ಲಿ ಎರಡು, ಐದರಲ್ಲಿ ಮೂರು ಕೂಡಬೇಕು. ಮಿಕ್ಕವರಿಗೆ ಒಂದೇ ಸಾಕು, ಸಂಬಂಧ ಮುರಿಯುವುದಕ್ಕೆ. ಪುರೋಹಿತರು ಇದನ್ನು ಬೆರಳು ಮಡಿಸಿ ಮಡಿಸಿ ವಿವರಿಸಿದರು. ಚಿಕ್ಕಪ್ಪನಿಗೆ ಸಮಾಧಾನ ಆಗಲಿಲ್ಲ.

"ಕಾನೂನಿನಲ್ಲಿ ತಪ್ಪೇನಿಲ್ಲ" ಅಂದ ಹುಡುಗ. ಅದೂ ನಿಜ. ಸಗೋತ್ರ, ಸಪ್ರವರ ಅನ್ನುವ ಅಡ್ಡಿಯನ್ನು 1946ರ ಕಾಯ್ದೆಯೇ ತೆಗೆದುಹಾಕಿತು. 1955ರ ಹಿಂದೂ ವಿವಾಹ ಕಾಯ್ದೆ ನೋಡುವುದು ರಕ್ತಸಂಬಂಧವನ್ನು. ತಂದೆಯ ಕಡೆ ಐದು ತಲೆಮಾರು, ತಾಯಿಯ ಕಡೆ ಮೂರು. ಅದರಲ್ಲೂ ಪದ್ಧತಿ ಇರುವ ಕಡೆ ವಿನಾಯಿತಿ ಇದೆ.

ಆ ವಿನಾಯಿತಿಯ ದಾರಿಯಲ್ಲೇ ಮಾತು ಮುಂದೆ ಹೋಯಿತು. ಅಷ್ಟು ಹೊತ್ತು ಮೂಲೆಯಲ್ಲಿ ಕೂತಿದ್ದ ಅಜ್ಜಿ, "ಸೋದರಮಾವನ ಮಗಳು ಇದ್ದಾಳಲ್ಲ, ಅವಳನ್ನೇ ತಂದುಕೊಂಡರಾಯಿತು" ಅಂದರು. ಹುಡುಗನ ತಾಯಿಯ ಸ್ವಂತ ಅಣ್ಣನ ಮಗಳು. ರಕ್ತ ಇದಕ್ಕಿಂತ ಹತ್ತಿರ ಇರಲು ಸಾಧ್ಯವೇ? ಪುರೋಹಿತರು ಮಾತ್ರ ತಣ್ಣಗಾದ ಕಾಫಿ ಮತ್ತೆ ಎತ್ತಿಕೊಂಡು, "ಅವರದು ಆತ್ರೇಯ ಅಲ್ವಾ? ಏನೂ ಅಡ್ಡಿಯಿಲ್ಲ" ಅಂದರು.